ಸಪ್ಲೈಯರ್ ಕೈಕೊಡುವ ಮುಂಚೆ ಗೊತ್ತಾಗಬೇಕಾದರೆ: ಝಡ್-ಸ್ಕೋರ್ ಜೊತೆ ಕಾಮನ್ ಸೈಜ್ ಓದುವ ಬಗೆ

ಹೊಸೂರಿನ ಸಿಪ್ಕಾಟ್‌ನಲ್ಲಿ ಪರ್ಚೇಸ್ ಅಥವಾ ಅಕೌಂಟ್ಸ್ ವಿಭಾಗದಲ್ಲಿ ಕೆಲಸ ಮಾಡುವ ನಮ್ಮವರು ತುಂಬಾ ಜನ ಇದ್ದಾರೆ. ಬಾಗಲೂರು, ತಳಿ ಕಡೆಯಿಂದ ಬರುವವರು, ಅತ್ತಿಬೆಲೆ ಗಡಿ ದಾಟಿ ದಿನಾ ಬರುವವರು. ಇದು ಅವರಿಗಾಗಿ ಬರೆದದ್ದು. ನಿಮ್ಮ ಡೈ ಇಟ್ಟುಕೊಂಡಿರುವ, ನಿಮ್ಮಿಂದ ಅಡ್ವಾನ್ಸ್ ತಗೊಂಡಿರುವ, ಬೇರೆ ಕಡೆ ತಕ್ಷಣ ಸಿಗದ ಪಾರ್ಟ್ ಮಾಡಿಕೊಡುವ ಸಪ್ಲೈಯರ್‌ನ ಹಣಕಾಸು ಹೇಗಿದೆ ಅಂತ ನೋಡುವುದು ಹೇಗೆ ಅನ್ನುವುದಷ್ಟೇ ವಿಷಯ. ಎಲ್ಲ ಸಪ್ಲೈಯರ್‌ಗಳಿಗೂ ಇದು ಬೇಡ. ನಟ್ಟು ಬೋಲ್ಟು ಕೊಡುವವರು ನಿಂತರೆ ಮರುದಿನ ಇನ್ನೊಬ್ಬರು ಸಿಗುತ್ತಾರೆ.

ಕಂಪನಿ ದಿವಾಳಿಯ ಕಡೆಗೆ ಹೋಗುತ್ತಿದೆಯಾ ಅಂತ ಒಂದೇ ಅಂಕಿಯಲ್ಲಿ ಹೇಳುವ ಝಡ್-ಸ್ಕೋರ್ ಹೊಸದೇನಲ್ಲ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಎಡ್ವರ್ಡ್ ಆಲ್ಟ್‌ಮನ್ 1968ರಲ್ಲಿ ಇದನ್ನು ಪ್ರಕಟಿಸಿದರು. ದಿವಾಳಿಯಾದ 33 ಉತ್ಪಾದನಾ ಕಂಪನಿಗಳನ್ನೂ, ಆಗದ 33 ಕಂಪನಿಗಳನ್ನೂ ಪಕ್ಕಪಕ್ಕ ಇಟ್ಟು, ಯಾವ ಐದು ಅನುಪಾತ ಸೇರಿದರೆ ಎರಡು ಗುಂಪು ಚೆನ್ನಾಗಿ ಬೇರೆಯಾಗುತ್ತವೆ ಅಂತ ನೋಡಿದರು. ಆ ಮೂಲ ಸೂತ್ರಕ್ಕೆ ಷೇರಿನ ಮಾರುಕಟ್ಟೆ ಬೆಲೆ ಬೇಕು. ನಮ್ಮ ಸಪ್ಲೈಯರ್‌ಗಳಲ್ಲಿ ಬಹುಪಾಲು ಪ್ರೈವೇಟ್ ಲಿಮಿಟೆಡ್. ಅವರ ಷೇರಿಗೆ ಮಾರುಕಟ್ಟೆ ಬೆಲೆಯೇ ಇಲ್ಲ. ಹಾಗಾಗಿ ಆಲ್ಟ್‌ಮನ್ ಅವರೇ ಆಮೇಲೆ ಮಾಡಿದ ಎರಡು ಸೂತ್ರಗಳನ್ನು ಬಳಸೋಣ. ಒಂದು ಐದು ಅನುಪಾತದ್ದು, ಷೇರು ಮಾರುಕಟ್ಟೆಯಲ್ಲಿಲ್ಲದ ಉತ್ಪಾದನಾ ಕಂಪನಿಗಳಿಗೆ. ಇನ್ನೊಂದು ನಾಲ್ಕು ಅನುಪಾತದ್ದು, ಅದರಲ್ಲಿ ಸೇಲ್ಸ್ ಲೆಕ್ಕಕ್ಕೇ ಬರುವುದಿಲ್ಲ. ಎರಡೂ ಯಾಕೆ ಬೇಕು ಅನ್ನುವುದು ಉದಾಹರಣೆಯಲ್ಲಿ ಗೊತ್ತಾಗುತ್ತದೆ.

ಮೊದಲು ಕಾಗದ ಪತ್ರ

ಪ್ರೈವೇಟ್ ಲಿಮಿಟೆಡ್ ಆದರೆ ಸಪ್ಲೈಯರ್‌ನ ಕೇಳಬೇಕಾಗಿಯೂ ಇಲ್ಲ. ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಒಂದು ಕಂಪನಿಗೆ 100 ರೂಪಾಯಿ ಕಟ್ಟಿ, ಅವರು ಸಲ್ಲಿಸಿದ ವಾರ್ಷಿಕ ಲೆಕ್ಕದ ಫಾರ್ಮ್ AOC-4 ಡೌನ್‌ಲೋಡ್ ಮಾಡಬಹುದು. ಒಂದೊಂದು ಬ್ಯಾಲೆನ್ಸ್ ಶೀಟ್‌ನಲ್ಲೂ ಹಿಂದಿನ ವರ್ಷದ ಅಂಕಿಯೂ ಇರುತ್ತದೆ. ಆದ್ದರಿಂದ ಒಂದು ವರ್ಷ ಬಿಟ್ಟು ಒಂದು ವರ್ಷದ್ದು ತೆಗೆದರೆ ಎರಡು ಫೈಲಿಂಗ್‌ನಲ್ಲಿ ನಾಲ್ಕು ವರ್ಷ ಸಿಗುತ್ತದೆ. ಪಾಲುದಾರಿಕೆ ಸಂಸ್ಥೆ, ಪ್ರೊಪ್ರೈಟರ್ ಆದರೆ ಅಲ್ಲಿ ಏನೂ ಸಿಗಲ್ಲ. ಆಡಿಟ್ ಆದ ಲೆಕ್ಕವನ್ನು ಅವರಿಂದಲೇ ಕೇಳಿ ಪಡೀಬೇಕು.

ಒಂದು ಮಿತಿ ತಲೆಯಲ್ಲಿರಲಿ. ವಾರ್ಷಿಕ ಸಭೆಗೆ ಸೆಪ್ಟೆಂಬರ್ 30ರವರೆಗೆ ಸಮಯ, ಆಮೇಲೆ AOC-4ಗೆ 30 ದಿನ. ಅಂದರೆ ಮಾರ್ಚ್ 31ರ ಚಿತ್ರ ನಿಮ್ಮ ಕೈಗೆ ಬರುವಾಗ ಏಳು ತಿಂಗಳು ಹಳೆಯದಾಗಿರಬಹುದು. ಗಡುವು ಮುಗಿದು ತಿಂಗಳುಗಳಾದರೂ ಫೈಲಿಂಗ್ ಇಲ್ಲದಿದ್ದರೆ ಅದನ್ನೇ ಮೊದಲ ಸುಳಿವು ಅಂತ ಬರೆದಿಟ್ಟುಕೊಳ್ಳಿ.

ಅಂಕಿ ತೊಳೆದುಕೊಳ್ಳುವುದು

ಬ್ಯಾಲೆನ್ಸ್ ಶೀಟ್ ಇದ್ದ ಹಾಗೇ ಸೂತ್ರಕ್ಕೆ ಹಾಕಬೇಡಿ. ಮೂರು ಕಡೆ ಕೈ ಹಾಕಬೇಕು.

ಜಮೀನಿನ ಮೌಲ್ಯ ಏರಿಸಿ ರೀವ್ಯಾಲ್ಯುಯೇಷನ್ ರಿಸರ್ವ್ ಅಂತ ತೋರಿಸಿದ್ದರೆ, ಅದನ್ನು ಆಸ್ತಿಯಿಂದಲೂ ಬಂಡವಾಳದಿಂದಲೂ ಕಳೆಯಿರಿ. ಹೊಸೂರಿನ ಜಮೀನಿನ ಬೆಲೆ ಏರಿದ ಮಾತ್ರಕ್ಕೆ ಸಪ್ಲೈಯರ್ ಸಂಬಳ ಕೊಡಲು ಆಗಲ್ಲ.

ಬಡ್ಡಿ, ತೆರಿಗೆಗೆ ಮುಂಚಿನ ಲಾಭ ಲೆಕ್ಕ ಹಾಕುವಾಗ ಇತರ ಆದಾಯ ಬಿಟ್ಟುಬಿಡಿ. ಹಳೇ ಮೆಷಿನ್ ಮಾರಿದ ಲಾಭ ಅದರಲ್ಲಿ ಅಡಗಿ ಕೂತಿರುತ್ತದೆ.

ಇನ್ನು ವರ್ಗೀಕರಣ. 2021ರ ಏಪ್ರಿಲ್‌ನಿಂದ, ದೀರ್ಘಾವಧಿ ಸಾಲದಲ್ಲಿ ಒಂದು ವರ್ಷದೊಳಗೆ ಕಟ್ಟಬೇಕಾದ ಕಂತನ್ನು ಅಲ್ಪಾವಧಿ ಸಾಲದ ಕೆಳಗೆ ತೋರಿಸಬೇಕು. ಅದಕ್ಕೂ ಮುಂಚೆ ಅದು ಇತರ ಹೊಣೆಗಳಲ್ಲಿ ಇರುತ್ತಿತ್ತು. ಹಳೇ ವರ್ಷಗಳನ್ನೂ ಸೇರಿಸಿ ನೋಡುತ್ತಿದ್ದರೆ, ಎಲ್ಲವನ್ನೂ ಒಂದೇ ತಲೆಬರಹದಡಿ ತಂದುಕೊಳ್ಳಿ. ಇಲ್ಲಾಂದ್ರೆ ಅಲ್ಪಾವಧಿ ಸಾಲ ಸುಮ್ನೆ ಹಾರಿದಂತೆ ಕಾಣುತ್ತದೆ. ಪ್ರಮೋಟರ್ ಕುಟುಂಬ ಕೊಟ್ಟ ಸಾಲವನ್ನು ಮಾತ್ರ ಸಾಲ ಅಂತಲೇ ಇಡಿ. "ಅದು ನಮ್ದೇ ದುಡ್ಡು ಸಾರ್" ಅಂತಾರೆ. ಆದರೆ ಕಷ್ಟ ಬಂದಾಗ ಮೊದಲು ಹೊರಗೆ ಹೋಗುವುದು ಅದೇ.

ಉದಾಹರಣೆಯ ಕಂಪನಿ

ಸಿಪ್ಕಾಟ್‌ನಲ್ಲಿ ಒಂದು ಪ್ರೈವೇಟ್ ಲಿಮಿಟೆಡ್ ಇದೆ ಅಂದುಕೊಳ್ಳಿ. ಕಾಸ್ಟಿಂಗ್ ತಾನೇ ಕೊಂಡು, ಮೆಷಿನಿಂಗ್ ಮಾಡಿ ಕೊಡುತ್ತದೆ. ಲೆಕ್ಕ ತೋರಿಸಲು ನಾನೇ ಕಟ್ಟಿದ ಅಂಕಿಗಳಿವು, ಎಲ್ಲಾ ಲಕ್ಷ ರೂಪಾಯಿಗಳಲ್ಲಿ.

| | 2022-23 | 2023-24 | 2024-25 |
|---|---|---|---|
| ಸೇಲ್ಸ್ | 4000 | 4600 | 5200 |
| ಬಡ್ಡಿ, ತೆರಿಗೆಗೆ ಮುಂಚಿನ ಲಾಭ | 280 | 230 | 182 |
| ಬಡ್ಡಿ ಖರ್ಚು | 80 | 110 | 160 |
| ಒಟ್ಟು ಆಸ್ತಿ | 2000 | 2400 | 3000 |
| ಚಾಲ್ತಿ ಆಸ್ತಿ | 1000 | 1280 | 1830 |
| ಚಾಲ್ತಿ ಹೊಣೆ | 700 | 1040 | 1680 |
| ದೀರ್ಘಾವಧಿ ಸಾಲ | 500 | 470 | 414 |
| ಉಳಿಸಿಕೊಂಡ ಲಾಭ | 600 | 690 | 706 |
| ಒಟ್ಟು ಸ್ವಂತ ಬಂಡವಾಳ | 800 | 890 | 906 |

ಸ್ಪ್ರೆಡ್‌ಶೀಟ್‌ನಲ್ಲಿ ಒಂದೊಂದು ವರ್ಷಕ್ಕೆ ಒಂದೊಂದು ಕಾಲಮ್ ಇಡಿ. B2ರಲ್ಲಿ ಚಾಲ್ತಿ ಆಸ್ತಿಯಿಂದ ಚಾಲ್ತಿ ಹೊಣೆ ಕಳೆದು ಒಟ್ಟು ಆಸ್ತಿಯಿಂದ ಭಾಗಿಸಿದ್ದು. B3ರಲ್ಲಿ ಉಳಿಸಿಕೊಂಡ ಲಾಭವನ್ನೂ, B4ರಲ್ಲಿ ಬಡ್ಡಿ ತೆರಿಗೆಗೆ ಮುಂಚಿನ ಲಾಭವನ್ನೂ ಒಟ್ಟು ಆಸ್ತಿಯಿಂದ ಭಾಗಿಸಿದ್ದು. B5ರಲ್ಲಿ ಸ್ವಂತ ಬಂಡವಾಳವನ್ನು ಒಟ್ಟು ಹೊಣೆಯಿಂದ, ಅಂದರೆ ಚಾಲ್ತಿ ಹೊಣೆ ಮತ್ತು ದೀರ್ಘಾವಧಿ ಸಾಲ ಸೇರಿದ್ದರಿಂದ, B6ರಲ್ಲಿ ಸೇಲ್ಸನ್ನು ಒಟ್ಟು ಆಸ್ತಿಯಿಂದ ಭಾಗಿಸಿದ್ದು. ಆಮೇಲೆ ಎರಡು ಸೂತ್ರ:

```
=0.717*B2+0.847*B3+3.107*B4+0.42*B5+0.998*B6
=6.56*B2+3.26*B3+6.72*B4+1.05*B5
```

ಮೊದಲನೆಯದರಲ್ಲಿ 2.90ಕ್ಕಿಂತ ಮೇಲಿದ್ದರೆ ಸುರಕ್ಷಿತ, 1.23ಕ್ಕಿಂತ ಕೆಳಗಿದ್ದರೆ ಅಪಾಯ, ನಡುವೆ ಬೂದು ವಲಯ. ಎರಡನೆಯದರಲ್ಲಿ ಆ ಗಡಿಗಳು 2.60 ಮತ್ತು 1.10.

ನಮ್ಮ ಉದಾಹರಣೆಯ ಕಂಪನಿಗೆ ಐದು ಅನುಪಾತದ ಸೂತ್ರ ಕೊಡುವುದು 3.07, ಆಮೇಲೆ 2.77, ಆಮೇಲೆ 2.34. ನಾಲ್ಕರದ್ದು 3.60, 2.86, 1.96. ಹೆಚ್ಚಿನ ವೆಂಡರ್ ರಿಪೋರ್ಟ್‌ಗಳು ಇಲ್ಲಿಗೇ ನಿಲ್ಲುತ್ತವೆ: "ಸ್ಕೋರ್ 2.34, ಬೂದು ವಲಯ, ನಿಗಾ ಇರಲಿ." ಸಪ್ಲೈಯರ್ ಫೈಲ್ ಮುಚ್ಚಿ ಒಳಗೆ ಹೋಗುತ್ತದೆ.

2.34 ಎಲ್ಲಿಂದ ಬಂತು

ಸ್ಕೋರನ್ನು ಬಿಚ್ಚಿ ನೋಡಿ. 2024-25ರ 2.34ರಲ್ಲಿ 1.73 ಬಂದಿರುವುದು ಬರೀ ಕೊನೆಯ ಅನುಪಾತದಿಂದ, ಅಂದರೆ ಸೇಲ್ಸ್ ಮತ್ತು ಆಸ್ತಿಯ ಲೆಕ್ಕದಿಂದ. ಉಳಿದ ನಾಲ್ಕೂ ಸೇರಿ ಕೊಟ್ಟಿದ್ದು 0.61. ಎರಡು ವರ್ಷದ ಹಿಂದೆ ಅದೇ ನಾಲ್ಕು ಸೇರಿ 1.08 ಕೊಡುತ್ತಿದ್ದವು. ಒಟ್ಟು ಸ್ಕೋರ್ ಕಾಲು ಭಾಗದಷ್ಟು ಇಳಿದಂತೆ ಕಂಡರೂ, ಲಾಭ, ನಗದು, ಬಂಡವಾಳ ಹೇಳುವ ಭಾಗ ಹತ್ತಿರ ಹತ್ತಿರ ಅರ್ಧಕ್ಕೆ ಬಂದಿದೆ.

ಕಾಸ್ಟಿಂಗ್ ಕೊಂಡು ಮೆಷಿನಿಂಗ್ ಮಾಡುವ ವ್ಯವಹಾರದಲ್ಲಿ ಇದು ಸಹಜ. ಕೊಂಡ ಮಾಲಿನ ಬೆಲೆಯೇ ಸೇಲ್ಸ್‌ನಲ್ಲಿ ದೊಡ್ಡ ಪಾಲು. ಆಸ್ತಿಯ ಎರಡು ಪಟ್ಟು ಸೇಲ್ಸ್ ಆಗುತ್ತದೆ. ಲಾಭ ಇರಲಿ ಬಿಡಲಿ, ಆ ಒಂದು ಅನುಪಾತ ಸ್ಕೋರನ್ನು ಎತ್ತಿ ಹಿಡಿದಿರುತ್ತದೆ.

ಇದರ ಉಲ್ಟಾನೂ ಇದೆ. ಗಿರಾಕಿಯ ಕಾಸ್ಟಿಂಗ್ ತಗೊಂಡು ಲೇಬರ್ ಚಾರ್ಜ್‌ಗೆ ಮಾತ್ರ ಕೆಲಸ ಮಾಡುವ ಜಾಬ್‌ವರ್ಕ್ ಶೆಡ್‌ಗಳು ಹೊಸೂರಲ್ಲಿ ಬೇಕಾದಷ್ಟಿವೆ. ಅವರ ಸೇಲ್ಸ್ ಅಂದರೆ ಲೇಬರ್ ಬಿಲ್ ಅಷ್ಟೇ. ಸಿಎನ್‌ಸಿ ಮೆಷಿನ್‌ಗಳ ಬೆಲೆಗೆ ಹೋಲಿಸಿದರೆ ಅದು ಕಡಿಮೆ. ಗಟ್ಟಿಮುಟ್ಟಾದ ಜಾಬ್‌ವರ್ಕ್ ಶೆಡ್ ಕೂಡ ಐದು ಅನುಪಾತದ ಸೂತ್ರದಲ್ಲಿ ಕೆಟ್ಟದಾಗಿ ಕಾಣಬಹುದು. ಆದ್ದರಿಂದ ಕೊಂಡು ಮಾಡುವವರನ್ನೂ ಜಾಬ್‌ವರ್ಕ್‌ನವರನ್ನೂ ಒಂದೇ ಪಟ್ಟಿಯಲ್ಲಿ ಸ್ಕೋರ್ ಪ್ರಕಾರ ಸಾಲು ನಿಲ್ಲಿಸಬೇಡಿ. ಪ್ರತಿಯೊಬ್ಬರನ್ನೂ ಅವರದೇ ಹಿಂದಿನ ವರ್ಷಗಳ ಜೊತೆ ಹೋಲಿಸಿ.

ಕಾಮನ್ ಸೈಜ್: ಯಾವ ಸಾಲು ಸರಿಯಿತು

ಸ್ಕೋರ್ ಎಷ್ಟು ಇಳಿಯಿತು ಅಂತ ಹೇಳುತ್ತದೆ. ಯಾಕೆ ಅಂತ ಹೇಳಲ್ಲ. ಅದಕ್ಕೆ ಬ್ಯಾಲೆನ್ಸ್ ಶೀಟ್‌ನ ಪ್ರತಿ ಸಾಲನ್ನೂ ಒಟ್ಟು ಆಸ್ತಿಯ ಶೇಕಡಾವಾರು ಮಾಡಿ, ಲಾಭ-ನಷ್ಟದ ಪ್ರತಿ ಸಾಲನ್ನೂ ಸೇಲ್ಸ್‌ನ ಶೇಕಡಾವಾರು ಮಾಡಿ, ವರ್ಷಗಳನ್ನು ಪಕ್ಕಪಕ್ಕ ಇಡಿ. ಜಾಸ್ತಿ ಸರಿದ ಸಾಲುಗಳಿಗೆ ಬಣ್ಣ ಹಾಕಿ. ನಮ್ಮ ಕಂಪನಿಯಲ್ಲಿ ಬಣ್ಣ ಬೀಳುವುದು ಇವಕ್ಕೆ:

| ಒಟ್ಟು ಆಸ್ತಿಯ ಶೇಕಡಾ | 2022-23 | 2023-24 | 2024-25 |
|---|---|---|---|
| ಸ್ಟಾಕ್ | 20 | 23 | 31 |
| ಗಿರಾಕಿಗಳಿಂದ ಬರಬೇಕಾದ್ದು | 26 | 28 | 28 |
| ಮಾಲು ಕೊಟ್ಟವರಿಗೆ ಬಾಕಿ | 20 | 26 | 35 |
| ಅಲ್ಪಾವಧಿ ಸಾಲ | 12 | 14 | 17 |
| ಸ್ವಂತ ಬಂಡವಾಳ | 40 | 37 | 30 |

ಕಥೆ ಇಲ್ಲಿದೆ. ಆಸ್ತಿ 2000ದಿಂದ 3000 ಲಕ್ಷಕ್ಕೆ ಬೆಳೆದಿದೆ. ಅದರಲ್ಲಿ 530 ಲಕ್ಷ ಬರೀ ಸ್ಟಾಕ್. ಆ ಸ್ಟಾಕ್‌ಗೆ ದುಡ್ಡು ಕೊಟ್ಟವರು ಯಾರು? ಮಾಲು ಕೊಟ್ಟವರಿಗೆ ಬಾಕಿ 400 ಲಕ್ಷ ಇದ್ದದ್ದು 1050 ಆಗಿದೆ. ಬ್ಯಾಂಕ್ ಕೊಡುವುದಕ್ಕಿಂತ ಜಾಸ್ತಿ ಸಾಲ ಈ ಸಪ್ಲೈಯರ್‌ಗೆ ಅವರ ಫೌಂಡ್ರಿಗಳೇ ಕೊಡುತ್ತಿವೆ. ಅವರಲ್ಲಿ ಒಬ್ಬರು "ಹಳೇ ಬಾಕಿ ಬಂದಮೇಲೆ ಲೋಡ್ ಕಳಿಸ್ತೀನಿ" ಅಂದ ದಿನ ನಿಮ್ಮ ಲೈನ್ ನಿಲ್ಲುತ್ತದೆ.

ಸಪ್ಲೈಯರ್‌ನ ಕೇಳಿದರೆ ಸಿಗುವ ಉತ್ತರ ಗೊತ್ತೇ ಇದೆ: "ಕಾಸ್ಟಿಂಗ್ ರೇಟ್ ಏರಿದೆ ಸಾರ್, ಅದಕ್ಕೇ ಸ್ಟಾಕ್ ವ್ಯಾಲ್ಯೂ ಜಾಸ್ತಿ ಕಾಣ್ತಿದೆ." ಇದನ್ನು ಪರೀಕ್ಷಿಸಲು ದಿನಗಳ ಲೆಕ್ಕ ಹಾಕಿ. ರೇಟ್ ಏರಿದರೆ ಸ್ಟಾಕ್‌ನ ಬೆಲೆಯೂ ಏರುತ್ತದೆ, ಬಳಸಿದ ಮಾಲಿನ ಬೆಲೆಯೂ ಏರುತ್ತದೆ. ಎರಡೂ ಜೊತೆಗೆ ಏರುವುದರಿಂದ ದಿನಗಳು ಹೆಚ್ಚುಕಮ್ಮಿ ಅಲ್ಲೇ ಇರಬೇಕು. ಇಲ್ಲಿ ಮಾಲಿನ ಖರ್ಚು ಸೇಲ್ಸ್‌ನ ಶೇಕಡಾ 58, 60, 61. ಅದರ ಮೇಲೆ ಲೆಕ್ಕ ಹಾಕಿದರೆ ಸ್ಟಾಕ್ 63 ದಿನದಿಂದ 74, ಆಮೇಲೆ 107 ದಿನ. ಬಾಕಿ 63ರಿಂದ 82, ಆಮೇಲೆ 121 ದಿನ. ಮಾರ್ಜಿನ್ ಇಳಿದದ್ದಕ್ಕೆ ಮಾಲಿನ ರೇಟ್ ಬಹುಪಾಲು ಕಾರಣ, ಸರಿ. ಸ್ಟಾಕ್ ಏರಿದ್ದಕ್ಕೆ ಅಲ್ಲ.

ಜಾಬ್‌ವರ್ಕ್‌ನಿಂದ ಮಾಲು ಕೊಂಡು ಮಾಡುವ ಪದ್ಧತಿಗೆ ನಡುವೆ ಬದಲಾದ ಕಂಪನಿಯಾದರೆ ಇಲ್ಲೊಂದು ಎಚ್ಚರ. ಸೇಲ್ಸ್ ದಿಢೀರ್ ಏರಿ, ಲಾಭದ ಶೇಕಡಾ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ರೂಪಾಯಿ ಲೆಕ್ಕದ ಲಾಭದಲ್ಲಿ ಏನೂ ಬದಲಾಗಿರುವುದಿಲ್ಲ. ಅಂಥವರಿಗೆ ಸೇಲ್ಸ್‌ನಿಂದ ಮಾಲಿನ ಖರ್ಚು ಕಳೆದು, ಉಳಿದದ್ದನ್ನು 100 ಅಂತ ಇಟ್ಟು ಶೇಕಡಾ ಹಾಕಿ.

ಬಡ್ಡಿಯ ಸಾಲು

ನನಗೆ ಬ್ಯಾಲೆನ್ಸ್ ಶೀಟ್‌ಗಿಂತ ಜಾಸ್ತಿ ನಂಬಿಕೆ ಈ ಒಂದು ಸಾಲಿನ ಮೇಲೆ. ಮಾರ್ಚ್ 31ಕ್ಕೆ ಸಾಲ ಇಳಿಸಿ ತೋರಿಸುವುದು ಸುಲಭ. ವರ್ಷವಿಡೀ ಕಟ್ಟಿದ ಬಡ್ಡಿ ಮುಚ್ಚಿಡುವುದು ಕಷ್ಟ.

ನಮ್ಮ ಕಂಪನಿಯ ಅಲ್ಪಾವಧಿ ಸಾಲ 240, 340, 510. ದೀರ್ಘಾವಧಿಯದ್ದು ಸೇರಿಸಿದರೆ ಒಟ್ಟು 740, 810, 924. ಬಡ್ಡಿ ಮಾತ್ರ 80ರಿಂದ 160 ಆಗಿದೆ. ವರ್ಷದ ಮೊದಲ ಮತ್ತು ಕೊನೆಯ ಸಾಲದ ಸರಾಸರಿ ಮೇಲೆ ಹಾಕಿದರೆ 2023-24ರಲ್ಲಿ ಶೇಕಡಾ 14, 2024-25ರಲ್ಲಿ ಶೇಕಡಾ 18. ಸಿಸಿ ಲಿಮಿಟ್‌ಗೆ ಯಾವ ಬ್ಯಾಂಕೂ ಸಾಮಾನ್ಯವಾಗಿ 18 ಹಾಕಲ್ಲ, ಅಲ್ವಾ? ಹಾಗಾದರೆ ವರ್ಷದ ನಡುವೆ ಸಾಲ ಇದಕ್ಕಿಂತ ಜಾಸ್ತಿ ಇತ್ತು, ಇಲ್ಲವೇ ಬಿಲ್ ಡಿಸ್ಕೌಂಟಿಂಗ್ ಬ್ಯಾಲೆನ್ಸ್ ಶೀಟ್‌ನ ಹೊರಗೆ ನಡೆಯುತ್ತಿದೆ, ಇಲ್ಲವೇ ದುಬಾರಿ ಕೈಸಾಲ ಇದೆ. ಯಾವುದು ಅಂತ ನೋಟ್ಸ್‌ನಲ್ಲಿ, ಅಲ್ಲಿ ಇಲ್ಲದಿದ್ದರೆ ನೇರವಾಗಿ ಕೇಳಿ ತಿಳೀಬೇಕು. ಲಾಭ ಬಡ್ಡಿಯ ಮೂರೂವರೆ ಪಟ್ಟು ಇದ್ದದ್ದು ಈಗ 1.1 ಪಟ್ಟಿಗೆ ಬಂದಿದೆ.

ಸ್ಟಾಕ್ ಒಳಗೆ ಕೈ ಹಾಕುವುದು

ಸ್ಟಾಕ್‌ನ ನೋಟ್ ತೆಗೆಯಿರಿ. ಕಚ್ಚಾ ಮಾಲು, ಕೆಲಸ ನಡೀತಿರುವುದು, ತಯಾರಾದ ಮಾಲು ಅಂತ ಬೇರೆ ಬೇರೆ ಇರುತ್ತದೆ. ಇಲ್ಲಿ ತಯಾರಾದ ಮಾಲು 120 ಲಕ್ಷದಿಂದ 480 ಲಕ್ಷಕ್ಕೆ ಹೋಗಿದೆ ಅಂದುಕೊಳ್ಳಿ. ಸೇಲ್ಸ್ ಶೇಕಡಾ 30 ಬೆಳೆದಿದೆ, ತಯಾರಾದ ಮಾಲು ನಾಲ್ಕು ಪಟ್ಟಾಗಿದೆ. ಆರ್ಡರ್ ಇದ್ದರೆ ಅದು ಗಿರಾಕಿ ಹತ್ತಿರ ಹೋಗಬೇಕಿತ್ತು.

ಇಲ್ಲಿ ಆಫೀಸ್ ಬಿಟ್ಟು ಎದ್ದು ಹೋಗಿ. ಕ್ವಾಲಿಟಿ ಆಡಿಟ್ ನೆಪ ಸಾಕು. ಎಫ್‌ಜಿ ಸ್ಟೋರ್‌ನಲ್ಲಿ ಮುಂದಿನ ಸಾಲು ಬಿಟ್ಟು, ಗೋಡೆ ಪಕ್ಕದ ರ‍್ಯಾಕ್ ನೋಡಿ. ಬಿನ್ ಮೇಲಿನ ಟ್ಯಾಗ್‌ನಲ್ಲಿ ಪಾರ್ಟ್ ನಂಬರ್, ಬ್ಯಾಚ್, ತಾರೀಖು ಇರುತ್ತದೆ. ರಸ್ಟ್ ಪ್ರಿವೆಂಟಿವ್ ಆಯಿಲ್ ಒಣಗಿ, ಧೂಳು ಹಿಡಿದು, ಬೋರ್ ಒಳಗೆ ಕಂದು ಬಣ್ಣ ತಿರುಗಿದ್ದರೆ ಟ್ಯಾಗ್ ಓದಬೇಕಾಗಿಯೂ ಇಲ್ಲ. ಸ್ಟೋರ್‌ನವರನ್ನು ಕೇಳಿ: "ಅಣ್ಣಾ, ಇದು ಯಾವ ಮಾಡೆಲ್‌ದು?" ಆಫೀಸಿನವರಿಗಿಂತ ಅವರು ನೇರವಾಗಿ ಹೇಳುತ್ತಾರೆ: "ಅದು ನಿಂತೋಗಿರೋ ಮಾಡೆಲ್ ಸಾರ್, ಯಾರೂ ತಗೊಳ್ತಿಲ್ಲ."

ಈಗ ಲೆಕ್ಕಕ್ಕೆ ವಾಪಸ್ ಬನ್ನಿ. 480ರಲ್ಲಿ 200 ಲಕ್ಷದ ಮಾಲು ಮಾರಾಟವಾಗಲ್ಲ ಅಂತ ಇಟ್ಟುಕೊಂಡು, ತೆರಿಗೆ ಪರಿಣಾಮ ಬಿಟ್ಟು, ಅದನ್ನು ಸ್ಟಾಕ್‌ನಿಂದಲೂ ಲಾಭದಿಂದಲೂ ಉಳಿಸಿಕೊಂಡ ಲಾಭದಿಂದಲೂ ಕಳೆಯಿರಿ. ಲಾಭ 182 ಇದ್ದದ್ದು 18 ಲಕ್ಷ ನಷ್ಟವಾಗುತ್ತದೆ. ಚಾಲ್ತಿ ಹೊಣೆ ಚಾಲ್ತಿ ಆಸ್ತಿಗಿಂತ 50 ಲಕ್ಷ ಜಾಸ್ತಿಯಾಗುತ್ತದೆ.

ಐದು ಅನುಪಾತದ ಸ್ಕೋರ್ ಎಷ್ಟಾಯಿತು? 2.12. ಇನ್ನೂ ಬೂದು ವಲಯದ ನಡುವೆಯೇ. ಯಾಕಂದ್ರೆ ಆಸ್ತಿ ಕಮ್ಮಿಯಾದಾಗ ಸೇಲ್ಸ್-ಆಸ್ತಿ ಅನುಪಾತ 1.73ರಿಂದ 1.86ಕ್ಕೆ ಏರಿ, ಏಟನ್ನು ಸ್ವಲ್ಪ ನುಂಗಿಕೊಂಡಿತು. ಕೆಟ್ಟ ಸ್ಟಾಕ್ ತೆಗೆದುಹಾಕಿದ್ದಕ್ಕೆ ಸೂತ್ರ ಬಹುಮಾನ ಕೊಟ್ಟ ಹಾಗಾಯಿತು. ನಾಲ್ಕು ಅನುಪಾತದ ಸ್ಕೋರ್ ಮಾತ್ರ 1.96ರಿಂದ 0.78ಕ್ಕೆ ಬೀಳುತ್ತದೆ. 1.10ರ ಕೆಳಗೆ, ಅಪಾಯದ ವಲಯ. ಎರಡೂ ಸೂತ್ರ ಹಾಕಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಎರಡು ಸ್ಕೋರ್‌ಗಳು ಬೇರೆ ಬೇರೆ ದಾರಿ ಹಿಡಿದರೆ ನಾಲ್ಕರದ್ದನ್ನು ನಂಬಿ, ಕಾರಣವನ್ನು ಕಾಮನ್ ಸೈಜ್‌ನಲ್ಲಿ ಹುಡುಕಿ.

0.78 ಅಂದರೆ ದಿವಾಳಿಯ ಸಾಧ್ಯತೆ ಇಷ್ಟು ಶೇಕಡಾ ಅಂತ ಅರ್ಥವಲ್ಲ. ಆ ಗಡಿಗಳು ಅಮೆರಿಕದ ಕಂಪನಿಗಳ ಮೇಲೆ ನಿಂತವು. ಆಲ್ಟ್‌ಮನ್‌ರ ಮೂಲ ಮಾದರಿಯೇ ಒಂದು ವರ್ಷ ಮುಂಚೆ ಶೇಕಡಾ 95 ಸರಿ ಹೇಳಿದ್ದು, ಎರಡು ವರ್ಷ ಮುಂಚೆ ಶೇಕಡಾ 72ಕ್ಕೆ ಇಳಿದಿತ್ತು. ಅದೂ ಮಾದರಿ ಕಟ್ಟಿದ ಅದೇ ಕಂಪನಿಗಳ ಮೇಲೆ.

ಹೊರಗಿನಿಂದ ಖಚಿತ ಮಾಡಿಕೊಳ್ಳುವುದು

ಆಡಿಟರ್ ವರದಿಯ ಕ್ಯಾರೋ ಅನುಬಂಧ ಓದಿ. ಸಾಲ ಕಟ್ಟಲು ತಪ್ಪಿದ್ದಾರಾ, ಪಿಎಫ್, ಜಿಎಸ್‌ಟಿ ಬಾಕಿ ಇದೆಯಾ, ಒಂದು ವರ್ಷದೊಳಗೆ ಕಟ್ಟಬೇಕಾದ್ದನ್ನು ಕಟ್ಟುವ ಶಕ್ತಿಯ ಬಗ್ಗೆ ಅನುಮಾನ ಇದೆಯಾ ಅಂತ ಅಲ್ಲಿ ಹೇಳಲೇಬೇಕು. 5 ಕೋಟಿಗಿಂತ ಹೆಚ್ಚಿನ ವರ್ಕಿಂಗ್ ಕ್ಯಾಪಿಟಲ್ ಲಿಮಿಟ್ ಇದ್ದರೆ, ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಸ್ಟಾಕ್ ಸ್ಟೇಟ್‌ಮೆಂಟ್ ಪುಸ್ತಕದ ಲೆಕ್ಕಕ್ಕೆ ತಾಳೆಯಾಗುತ್ತಾ ಅಂತಲೂ ಬರೆದಿರುತ್ತಾರೆ. ಸ್ಟಾಕ್ ಮೇಲೆ ಅನುಮಾನ ಇರುವಾಗ ನನಗೆ ಮೊದಲು ಬೇಕಾದ ಪ್ಯಾರಾ ಅದು. ತೀರಾ ಸಣ್ಣ ಪ್ರೈವೇಟ್ ಕಂಪನಿಗಳಿಗೆ ಈ ಅನುಬಂಧ ಇರಲ್ಲ.

ಬಾಕಿಯ ವಯಸ್ಸಿನ ಪಟ್ಟಿಯೂ ನೋಟ್ಸ್‌ನಲ್ಲಿದೆ. ಆದರೆ ಅದರ ಮೊದಲ ಕಾಲಮ್ಮೇ "ಒಂದು ವರ್ಷದೊಳಗೆ". 121 ದಿನದ ಬಾಕಿ ಅದರೊಳಗೆ ಆರಾಮಾಗಿ ಅಡಗುತ್ತದೆ. "ವಿವಾದಿತ" ಅನ್ನುವ ಸಾಲಿನಲ್ಲಿ ಹೊಸದಾಗಿ ಅಂಕಿ ಬಂದಿದ್ದರೆ ಅದನ್ನು ಗಮನಿಸಿ.

ಬ್ಯಾಲೆನ್ಸ್ ಶೀಟ್ ಆದಮೇಲಿನ ತಿಂಗಳುಗಳಿಗೆ ಎರಡು ಕಿಟಕಿ ಇವೆ. ಎಂಸಿಎಯಲ್ಲಿ ಚಾರ್ಜ್‌ಗಳ ಪಟ್ಟಿ ನೋಡಿದರೆ, ಹೊಸದಾಗಿ ಯಾವ ಫೈನಾನ್ಸ್ ಕಂಪನಿಗೆ ಮೆಷಿನ್ ಅಡವಿಟ್ಟಿದ್ದಾರೆ ಅಂತ ಕಾಣುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಅವರ ನಂಬರ್ ಹಾಕಿದರೆ, ತಿಂಗಳ ರಿಟರ್ನ್ ಆದ GSTR-3B ಯಾವ ತಾರೀಖಿಗೆ ಸಲ್ಲಿಸಿದ್ದಾರೆ ಅಂತ ಸಿಗುತ್ತದೆ. ಯಾವಾಗಲೂ 20ರೊಳಗೆ ಹಾಕುತ್ತಿದ್ದವರು ತಿಂಗಳಿಂದ ತಿಂಗಳಿಗೆ ಹಿಂದೆ ಬೀಳುತ್ತಿದ್ದರೆ, ತೆರಿಗೆ ಕಟ್ಟಲು ನಗದು ಸಾಲುತ್ತಿಲ್ಲ ಅಂತ ಊಹಿಸಬಹುದು.

ತೀರ್ಮಾನ ಏನು ಬರೆಯುವುದು

ಈ ಕಂಪನಿಗೆ ನಾನು "ಬೂದು ವಲಯ" ಅಂತ ಬರೆಯಲ್ಲ. ಹೀಗೆ ಬರೆಯುತ್ತೇನೆ: ಮಾರಾಟವಾಗದ ಸ್ಟಾಕ್‌ನಲ್ಲಿ ನಗದು ಸಿಕ್ಕಿಕೊಂಡಿದೆ, ಫೌಂಡ್ರಿಗಳ ಬಾಕಿ ಮೇಲೆ ಕಂಪನಿ ನಡೀತಿದೆ, ಬಡ್ಡಿ ಕಟ್ಟಿದ ಮೇಲೆ ಏನೂ ಉಳಿಯುತ್ತಿಲ್ಲ. ಹೊಸ ಅಡ್ವಾನ್ಸ್ ಬೇಡ. ನಮ್ಮ ಡೈ, ಫಿಕ್ಸ್ಚರ್‌ಗಳ ಪಟ್ಟಿ ಮಾಡಿ, ನಮ್ಮ ಹೆಸರು ಕೊರೆಸಿ, ಅವು ನಮ್ಮವು ಅಂತ ಸಹಿ ಹಾಕಿಸಿಕೊಳ್ಳಬೇಕು. ಬ್ಯಾಂಕ್ ಫ್ಯಾಕ್ಟರಿಗೆ ಬೀಗ ಹಾಕಿದ ಮೇಲೆ ಅದನ್ನು ಸಾಬೀತು ಮಾಡುವುದು ದೊಡ್ಡ ತಲೆನೋವು. ಅನುಮೋದನೆಗೆ ಜಾಸ್ತಿ ಸಮಯ ಹಿಡಿಯುವ ಪಾರ್ಟ್‌ಗಳಿಗೆ ಎರಡನೇ ಸಪ್ಲೈಯರ್ ಕೆಲಸ ಈಗಲೇ ಶುರುವಾಗಬೇಕು.

ಜೊತೆಗೆ ನಮ್ಮ ಕಡೆಯ ಲೆಡ್ಜರ್ ಕೂಡ ತೆಗೆದು ನೋಡಿ. ಗಿರಾಕಿಗಳಿಂದ ಬರಬೇಕಾದ 840 ಲಕ್ಷದಲ್ಲಿ ನಮ್ಮದೇ ಎಷ್ಟು? ಸಪ್ಲೈಯರ್ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಾಗಿದ್ದರೆ, 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ 45 ದಿನ ಮೀರುವಂತಿಲ್ಲ. ನಾವೇ ತಡ ಮಾಡುತ್ತಾ ಅವರ ಸ್ಕೋರ್ ಬಗ್ಗೆ ಮೀಟಿಂಗ್ ಮಾಡುವುದು ತಮಾಷೆಯಾಗಿರುತ್ತದೆ.

ಈ ಅಭಿಪ್ರಾಯ ಯಾವಾಗ ಬದಲಾಗುತ್ತದೆ ಅಂತಲೂ ಅದೇ ಹಾಳೆಯಲ್ಲಿ ಬರೆದಿಡಿ. ಬ್ಯಾಂಕಿಗೆ ಕೊಡುವ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್‌ನ ಪ್ರತಿ ನಮಗೂ ಕೊಡಲು ಕೇಳಿ. ಸೆಪ್ಟೆಂಬರ್ ಹೊತ್ತಿಗೆ ತಯಾರಾದ ಮಾಲು 300 ಲಕ್ಷದೊಳಗೆ, ಫೌಂಡ್ರಿ ಬಾಕಿ 90 ದಿನದೊಳಗೆ ಬಂದರೆ ಅಡ್ವಾನ್ಸ್ ವಿಷಯ ಮತ್ತೆ ಮಾತಾಡಬಹುದು. ಸ್ಟಾಕ್ ಇಳಿದು ಬಾಕಿ ಇಳಿಯದಿದ್ದರೆ ಮಾಲು ಗುಜರಿ ರೇಟಿಗೆ ಹೋಗಿರಬಹುದು. ಆಗ ಅರ್ಧ ವರ್ಷದ ಲಾಭ-ನಷ್ಟ, ಬ್ಯಾಲೆನ್ಸ್ ಶೀಟ್ ಎರಡರ ಅಂಕಿಯನ್ನೂ ತರಿಸಿ, ನಾಲ್ಕು ಅನುಪಾತದ ಸೂತ್ರಕ್ಕೆ ಮತ್ತೆ ಹಾಕಿ. ಆರು ತಿಂಗಳ ಲಾಭವನ್ನು ವರ್ಷಕ್ಕೆ ಏರಿಸಿಕೊಳ್ಳುವುದು ಮರೆಯಬೇಡಿ.